ಹೊಸ ಕ್ಯಾನ್ಸರ್ ರೋಗಿಯ ಮನಸ್ಸಿನ ಸಂಕಟ ಅಳೆಯಲು ಯಾವ ಚೀಟಿ? ಮಲೆನಾಡಿನ ಓಪಿಡಿಗೊಂದು ಹೋಲಿಕೆ

ಬಯಾಪ್ಸಿ ರಿಪೋರ್ಟು ಬಂದಾಗಿದೆ, ಕ್ಯಾನ್ಸರ್ ಎಂದು ಗೊತ್ತಾಗಿದೆ, ಚಿಕಿತ್ಸೆ ಇನ್ನೂ ಶುರುವಾಗಿಲ್ಲ. ಈ ನಡುವಿನ ಎರಡು ಮೂರು ವಾರಗಳಲ್ಲಿ ರೋಗಿಯ ತೂಕ, ಬಿಪಿ, ಹಿಮೋಗ್ಲೋಬಿನ್ ಎಲ್ಲವೂ ಫೈಲಿಗೆ ಹತ್ತುತ್ತವೆ. ಆತ ರಾತ್ರಿ ಮಲಗುತ್ತಾನೋ ಇಲ್ಲವೋ, ಚಿಕಿತ್ಸೆಗೆ ವಾಪಸ್ ಬರುವ ಮನಸ್ಸಿದೆಯೋ ಇಲ್ಲವೋ ಎನ್ನುವುದು ಮಾತ್ರ ಎಲ್ಲೂ ದಾಖಲಾಗುವುದಿಲ್ಲ. ಅದನ್ನು ದಾಖಲಿಸಲೆಂದೇ ಮಾಡಿದ ಚಿಕ್ಕ ಪ್ರಶ್ನಾವಳಿಗಳು ಹಲವಿವೆ. ಶಿವಮೊಗ್ಗದಂಥ ಊರಿನಲ್ಲಿ, ಒಬ್ಬ ಕ್ಯಾನ್ಸರ್ ತಜ್ಞರು, ಇಬ್ಬರು ನರ್ಸ್, ಸಿಕ್ಕರೆ ಒಬ್ಬ ಸಮಾಜಕಾರ್ಯಕರ್ತೆ ಇರುವ ಓಪಿಡಿಗೆ ಅವುಗಳಲ್ಲಿ ಯಾವುದು ಹೊಂದುತ್ತದೆ ಎಂದು ತೂಗಿ ನೋಡುವುದು ಈ ಬರಹದ ಕೆಲಸ. ಓಪಿಡಿಯಲ್ಲಿ ಕೂತು ಕೇಳುವ ನರ್ಸ್‌ಗಳಿಗೆ, ಕೌನ್ಸೆಲರ್‌ಗಳಿಗೆ, ಇಂಥದ್ದೊಂದನ್ನು ಶುರು ಮಾಡಬೇಕೆಂದಿರುವ ಡಾಕ್ಟರರಿಗೆ ಬರೆದದ್ದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಯಾವ ಪ್ರಶ್ನಾವಳಿ ಹೆಚ್ಚು ನಿಖರ ಎಂದು ನೋಡಿ ಆರಿಸಬೇಡಿ. ಅಂಕ ಜಾಸ್ತಿ ಬಂದ ರೋಗಿಗೆ ಅದೇ ದಿನ ನಿಮ್ಮಿಂದ ಏನು ಮಾಡಲು ಸಾಧ್ಯ ಎನ್ನುವುದನ್ನು ನೋಡಿ ಆರಿಸಿ. ಬರೀ ಕೇಳಿ ಫೈಲಿಗೆ ಸೇರಿಸಿದರೆ ರೋಗಿಗೆ ಒಳ್ಳೆಯದಾಗುತ್ತದೆ ಎನ್ನುವುದಕ್ಕೆ ಆಧಾರ ತೀರಾ ಕಡಿಮೆ. ಬ್ರಿಟನ್ನಿನಲ್ಲಿ ಕೀಮೋ ಮತ್ತು ರೇಡಿಯೇಷನ್ ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಸಿಬ್ಬಂದಿ ಇಂಥದ್ದೊಂದು ಪ್ರಶ್ನಾವಳಿಯನ್ನು ಕ್ರಮವಾಗಿ ತುಂಬಿಸಿದರೂ ರೋಗಿಗಳ ಮನಸ್ಸಿನ ಸ್ಥಿತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಉಪಯೋಗ ಕಂಡದ್ದು, ಕೇಳಿದ ಮೇಲೆ ಸಿಬ್ಬಂದಿಯೇ ಕೂತು ಮಾತಾಡಿ ಮುಂದಿನ ನೆರವಿಗೆ ಜೋಡಿಸಿದ ಕಡೆಗಳಲ್ಲಿ.

ಮುಂದಿರುವ ನಾಲ್ಕು ದಾರಿ

ಮೊದಲನೆಯದು ಏನೂ ಚೀಟಿ ಇಲ್ಲದ ದಾರಿ, ಅಂದರೆ ಡಾಕ್ಟರೇ ನೋಡಿ ಅಂದಾಜು ಮಾಡುವುದು. ಈಗ ಎಲ್ಲ ಕಡೆ ನಡೆಯುತ್ತಿರುವುದು ಬಹುಪಾಲು ಇದೇ. ಇದರ ತೊಂದರೆ ಒಂದೇ: ಅಳುವವರು ಕಣ್ಣಿಗೆ ಬೀಳುತ್ತಾರೆ, ಸುಮ್ಮನೆ ಕೂತವರು ಬೀಳುವುದಿಲ್ಲ. ನಮ್ಮ ಕಡೆಯ ಗಂಡಸರು, ಅದರಲ್ಲೂ ತೋಟ ಗದ್ದೆ ಮಾಡಿಕೊಂಡಿರುವವರು, ಡಾಕ್ಟರ ಮುಂದೆ ಅಳುವುದಿಲ್ಲ. "ಎಂತ ಮಾಡೋದು, ಬಂದಿದ್ದು ಅನುಭವಿಸ್ಬೇಕಲ್ಲ" ಎಂದು ಎದ್ದು ಹೋಗುತ್ತಾರೆ. ಅವರನ್ನು ಧೈರ್ಯಸ್ಥರ ಪಟ್ಟಿಗೆ ಸೇರಿಸಿಬಿಡುವುದು ಸುಲಭ.

ಎರಡನೆಯದು ಡಿಸ್ಟ್ರೆಸ್ ಥರ್ಮಾಮೀಟರ್. ಅಮೆರಿಕದ ಮನೋವೈದ್ಯೆ ಜಿಮ್ಮಿ ಹಾಲೆಂಡ್ ಮತ್ತು ಅವರ ಸಹೋದ್ಯೋಗಿಗಳು 1998ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳಲ್ಲಿ ಬಳಸಿ ತೋರಿಸಿದ್ದು. ಕಾಗದದ ಮೇಲೆ ಜ್ವರ ನೋಡುವ ಕಡ್ಡಿಯಂಥ ಚಿತ್ರ, ಕೆಳಗೆ ಸೊನ್ನೆ, ಮೇಲೆ ಹತ್ತು. ಹೋದ ವಾರದಿಂದ ಇವತ್ತಿನವರೆಗೆ ಎಷ್ಟು ಸಂಕಟವಾಗಿದೆ ಎಂದು ಒಂದೇ ಪ್ರಶ್ನೆ. ನಾಲ್ಕು ಅಥವಾ ಹೆಚ್ಚು ಬಂದರೆ ಮುಂದೆ ಮಾತಾಡಬೇಕು. ಪಕ್ಕದಲ್ಲೇ ತೊಂದರೆಗಳ ಪಟ್ಟಿ ಇರುತ್ತದೆ: ಮೈಯ ತೊಂದರೆ, ಮನಸ್ಸಿನದು, ಮನೆಯವರ ಜೊತೆಗಿನದು, ಹಣ ಓಡಾಟದಂಥ ದಿನನಿತ್ಯದ್ದು, ದೇವರು ನಂಬಿಕೆಗೆ ಸಂಬಂಧಿಸಿದ್ದು. ಹೌದು, ಇಲ್ಲ ಎಂದು ಗುರುತು ಹಾಕಿದರೆ ಸಾಕು. ಎರಡೂ ಸೇರಿ ಐದು ನಿಮಿಷದ ಕೆಲಸ.

ಮೂರನೆಯದು ಪಿಎಚ್‌ಕ್ಯೂ-9. ಖಿನ್ನತೆ ಪತ್ತೆಗೆಂದು ಮಾಡಿದ ಇದು 2001ರಿಂದ ಬಳಕೆಯಲ್ಲಿದೆ, ಕನ್ನಡ ರೂಪ ಸಿಗುತ್ತದೆ, ಬಳಸಲು ಹಣ ಕೊಡಬೇಕಿಲ್ಲ. ಹೋದ ಎರಡು ವಾರಗಳ ಬಗ್ಗೆ ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರು ಅಂಕ, ಒಟ್ಟು ಇಪ್ಪತ್ತೇಳು. ಸಾಮಾನ್ಯವಾಗಿ ಹತ್ತು ಅಥವಾ ಹೆಚ್ಚು ಬಂದರೆ ಖಿನ್ನತೆ ಇರಬಹುದೆಂದು ಕೂಲಂಕಷವಾಗಿ ನೋಡುತ್ತಾರೆ. ಕ್ಯಾನ್ಸರ್ ರೋಗಿಗಳಿಗಾಗಿ ಬರೆದ ಕೆಲವು ಮಾರ್ಗಸೂಚಿಗಳು ಈ ಗೆರೆಯನ್ನು ಎಂಟಕ್ಕೆ ಇಳಿಸಿವೆ. ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಮೊದಲ ಎರಡು ಪ್ರಶ್ನೆಗಳನ್ನಷ್ಟೇ ಕೇಳುವ ಪಿಎಚ್‌ಕ್ಯೂ-2 ಕೂಡ ಇದೆ. ಆತಂಕಕ್ಕೆ ಜಿಎಡಿ-7 ಇದರ ಜೊತೆಗಾರ.

ನಾಲ್ಕನೆಯದು ಹ್ಯಾಡ್ಸ್, 1983ರದ್ದು. ಆಸ್ಪತ್ರೆಯ ರೋಗಿಗಳಿಗೆಂದೇ ಮಾಡಿದ್ದು. ಹದಿನಾಲ್ಕು ಪ್ರಶ್ನೆಗಳಲ್ಲಿ ಏಳು ಆತಂಕಕ್ಕೆ, ಏಳು ಖಿನ್ನತೆಗೆ. ನಿದ್ದೆ, ಹಸಿವು, ಸುಸ್ತಿನಂಥ ಮೈಯ ಲಕ್ಷಣಗಳನ್ನು ಬೇಕೆಂದೇ ಹೊರಗಿಟ್ಟಿದ್ದಾರೆ. ಕ್ಯಾನ್ಸರ್ ರೋಗಿಗಳಲ್ಲಿ ಇದು ದೊಡ್ಡ ಅನುಕೂಲ. ಆದರೆ ಬಳಸಲು ಪರವಾನಗಿ ಬೇಕು, ಅದಕ್ಕೆ ದುಡ್ಡೂ ಕೊಡಬೇಕು. ಓದು ಬರಹ ಕಡಿಮೆ ಇರುವವರಿಗೆ ಹದಿನಾಲ್ಕು ಪ್ರಶ್ನೆ, ಪ್ರತಿಯೊಂದಕ್ಕೂ ಬೇರೆ ಬೇರೆ ಉತ್ತರದ ಆಯ್ಕೆಗಳನ್ನು ಓದಿ ಹೇಳುವಷ್ಟರಲ್ಲಿ ಹಿಂದೆ ಸಾಲು ಬೆಳೆದಿರುತ್ತದೆ. ಸಂಶೋಧನೆ ಮಾಡುವವರಿಗೆ, ಮನಶ್ಶಾಸ್ತ್ರಜ್ಞರು ಖಾಯಂ ಇರುವ ಕಡೆಗೆ ಇದು ಸರಿ. ನಮ್ಮ ಓಪಿಡಿಗೆ ಬೇಡ ಎಂದೇ ಹೇಳುತ್ತೇನೆ.

ಥರ್ಮಾಮೀಟರೋ ಪಿಎಚ್‌ಕ್ಯೂ-9 ಓ?

ನಿಜವಾದ ಆಯ್ಕೆ ಈ ಎರಡರ ನಡುವೆ. ಎರಡೂ ಅಳೆಯುವುದು ಬೇರೆ ಬೇರೆ ವಿಷಯವನ್ನು ಎನ್ನುವುದು ಮೊದಲು ತಲೆಯಲ್ಲಿರಬೇಕು.

ಪಿಎಚ್‌ಕ್ಯೂ-9 ಹುಡುಕುವುದು ಖಿನ್ನತೆ ಎಂಬ ಒಂದು ಕಾಯಿಲೆಯನ್ನು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ಒಂದು ಲೆಕ್ಕದ ಪ್ರಕಾರ ಕ್ಯಾನ್ಸರ್ ಆಸ್ಪತ್ರೆಗಳ ರೋಗಿಗಳಲ್ಲಿ ಖಿನ್ನತೆ ಇರುವವರು ಸುಮಾರು ಆರರಲ್ಲಿ ಒಬ್ಬರು. ಖಿನ್ನತೆ, ಆತಂಕ, ಹೊಂದಿಕೊಳ್ಳಲಾರದ ಸಂಕಟ ಎಲ್ಲ ಸೇರಿದರೆ ಮೂರರಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚು. ಹೊಸದಾಗಿ ರೋಗ ಗೊತ್ತಾದವರಲ್ಲಿ ಬಹುಪಾಲು ಜನರ ಸಂಕಟ ಖಿನ್ನತೆಯದ್ದಲ್ಲ. ರೇಡಿಯೇಷನ್‌ಗೆ ಆರು ವಾರ ಎಲ್ಲಿ ಉಳಿಯುವುದು, ಸೊಸೈಟಿ ಸಾಲದ ಕಂತು ಯಾರು ಕಟ್ಟುವುದು, ಮಗಳ ಮದುವೆ ಮಾತುಕತೆ ಮುರಿದು ಬೀಳುತ್ತದೆಯೋ ಏನೋ, ನೋವು ಇನ್ನೂ ಜಾಸ್ತಿಯಾದರೆ ಏನು ಗತಿ ಎನ್ನುವಂಥವು. ಇವಕ್ಕೆಲ್ಲ ಪಿಎಚ್‌ಕ್ಯೂ-9ರಲ್ಲಿ ಕಾಲಮ್ಮೇ ಇಲ್ಲ. ಥರ್ಮಾಮೀಟರಿನ ಜೊತೆಯ ಪಟ್ಟಿಯಲ್ಲಿ ಇದೆ. ಒಬ್ಬ ನರ್ಸ್ ಅದೇ ದಿನ ಪರಿಹಾರ ಹುಡುಕಬಹುದಾದ ಸಂಗತಿಗಳೂ ಇವೇ.

ಇನ್ನೊಂದು ಕಾರಣ ಇನ್ನೂ ಗಟ್ಟಿಯಾದದ್ದು. ಪಿಎಚ್‌ಕ್ಯೂ-9ರಲ್ಲಿ ನಿದ್ದೆ, ಸುಸ್ತು, ಹಸಿವು ಮೂರಕ್ಕೆ ಸೇರಿ ಒಂಬತ್ತು ಅಂಕ ಇದೆ. ಕೆನ್ನೆಯೊಳಗೆ ಹುಣ್ಣಾಗಿ ಅನ್ನ ನುಂಗಲಾಗದವನಿಗೆ, ನೋವಿನಿಂದ ರಾತ್ರಿ ಎದ್ದು ಕೂರುವವನಿಗೆ ಬರೀ ಇಷ್ಟರಿಂದಲೇ ಏಳೆಂಟು ಅಂಕ ಬಂದುಬಿಡುತ್ತದೆ. ಬಾಯಿ ಕ್ಯಾನ್ಸರ್ ಹೆಚ್ಚಿರುವ ಎಲೆ ಅಡಿಕೆ, ಹೊಗೆಸೊಪ್ಪಿನ ಸೀಮೆಯಲ್ಲಿ ಈ ಗೊಂದಲ ದಿನನಿತ್ಯದ್ದು. ಆತನಿಗೆ ಬೇಕಾದದ್ದು ಮೊದಲು ನೋವಿನ ಔಷಧಿ, ಖಿನ್ನತೆಯ ಮಾತ್ರೆ ಅಲ್ಲ.

ಹಾಗೆಂದು ಥರ್ಮಾಮೀಟರ್ ಒಂದೇ ಸಾಕು ಎನ್ನಲಾರೆ. ನಾಲ್ಕು ದಾಟಿದವರಲ್ಲಿ ಬಹಳ ಮಂದಿಗೆ ಮಾನಸಿಕ ಕಾಯಿಲೆ ಇರುವುದಿಲ್ಲ. ಅವರನ್ನೆಲ್ಲ ಮನೋವೈದ್ಯರ ಹತ್ತಿರ ಕಳಿಸಿದರೆ ಮನೋವೈದ್ಯರಿಗೂ ಸಾಕಾಗುತ್ತದೆ, ರೋಗಿಗೂ "ನನಗೇನು ತಲೆ ಕೆಟ್ಟಿದೆಯಾ" ಎನಿಸುತ್ತದೆ. ಜೊತೆಗೆ, ಥರ್ಮಾಮೀಟರಿನಲ್ಲಿ ಸಾಯುವ ಯೋಚನೆಯನ್ನು ನೇರವಾಗಿ ಅಳೆಯುವ ಪ್ರಶ್ನೆ ಇಲ್ಲ. ಆದ್ದರಿಂದ ನನ್ನ ಆಯ್ಕೆ ಎರಡು ಮೆಟ್ಟಿಲಿನದು: ಎಲ್ಲರಿಗೂ ಥರ್ಮಾಮೀಟರ್ ಮತ್ತು ಪಟ್ಟಿ. ನಾಲ್ಕು ಅಥವಾ ಹೆಚ್ಚು ಬಂದವರಿಗೆ, ಮತ್ತು ಪಟ್ಟಿಯಲ್ಲಿ "ಯಾವುದರಲ್ಲೂ ಆಸಕ್ತಿ ಇಲ್ಲ" ಎಂದು ಗುರುತು ಹಾಕಿದವರಿಗೆ ಅಂಕ ಎಷ್ಟೇ ಇರಲಿ, ಅಲ್ಲೇ ಪಿಎಚ್‌ಕ್ಯೂ-9.

ಸಮಯದ ಲೆಕ್ಕ ಹಾಕಿ ನೋಡೋಣ. ವಾರಕ್ಕೆ ಹತ್ತು ಜನ ಹೊಸಬರು ಬರುತ್ತಾರೆ ಎಂದಿಟ್ಟುಕೊಳ್ಳಿ. ಹತ್ತು ಜನರಿಗೆ ಐದೈದು ನಿಮಿಷ, ಐವತ್ತು ನಿಮಿಷ. ಅವರಲ್ಲಿ ಅರ್ಧದಷ್ಟು ಜನ ಗೆರೆ ದಾಟಿದರೆ ಒಬ್ಬೊಬ್ಬರ ಹತ್ತಿರ ಇಪ್ಪತ್ತು ನಿಮಿಷ ಕೂರಬೇಕು, ಅದು ನೂರು ನಿಮಿಷ. ಒಟ್ಟು ಎರಡೂವರೆ ಗಂಟೆ. ಒಬ್ಬ ನರ್ಸ್‌ನ ವಾರದ ಎರಡೂವರೆ ಗಂಟೆಯನ್ನು ಇದಕ್ಕೆಂದು ಬರೆದು ಕೊಡಲು ಆಸ್ಪತ್ರೆ ಒಪ್ಪುತ್ತದೆಯೇ ಎಂದು ಮೊದಲು ಕೇಳಿ. ಒಪ್ಪದಿದ್ದರೆ ಹತ್ತೂ ಜನರಿಗೆ ಚೀಟಿ ತುಂಬಿಸಿ ಇಡುವುದಕ್ಕಿಂತ, ಚಿಕಿತ್ಸೆಯ ದಾರಿ ಕಠಿಣವಾಗಿರುವವರಿಂದ, ಅಂದರೆ ತಲೆ ಕತ್ತಿನ ಭಾಗದ ಕ್ಯಾನ್ಸರ್, ಹರಡಿದ ಕ್ಯಾನ್ಸರ್, ಒಂಟಿಯಾಗಿ ಬಂದವರಿಂದ ಶುರು ಮಾಡಿ.

ಯಾರು ಕೇಳಬೇಕು, ಯಾವತ್ತು ಕೇಳಬೇಕು

ಡಾಕ್ಟರ್ ಕೇಳಿದರೆ ರೋಗಿ ರೋಗದ ಬಗ್ಗೆ ಮಾತಾಡುತ್ತಾರೆ, ಅದೂ ಡಾಕ್ಟರಿಗೆ ಸಮಾಧಾನವಾಗುವಂತೆ. ಚೀಟಿ ಕೈಗೆ ಕೊಟ್ಟು ಬರೆಯಲು ಹೇಳಿದರೆ ಜೊತೆಗೆ ಬಂದ ಮಗ ಅಥವಾ ಅಳಿಯ ಬರೆದುಕೊಡುತ್ತಾರೆ. ನರ್ಸ್ ಓದಿ ಹೇಳಿ ಕೇಳುವುದೇ ನಮ್ಮ ಕಡೆ ಸರಿ. ತೂಕ ನೋಡುವ ಮೂಲೆಯಲ್ಲಿ, ಮನೆಯವರನ್ನು ಔಷಧಿ ಚೀಟಿ ಕೊಟ್ಟು ಕೆಳಗೆ ಕಳಿಸಿದ ಐದು ನಿಮಿಷದಲ್ಲಿ ಕೇಳಬಹುದು.

ಸೊನ್ನೆಯಿಂದ ಹತ್ತು ಎಂದರೆ ಕೆಲವು ಹಿರಿಯರಿಗೆ ಅರ್ಥವಾಗುವುದಿಲ್ಲ. "ಹನ್ನೆರಡಾಣೆ ಆಗಿದೆ ಕಣಮ್ಮ" ಎನ್ನುವವರು ಈಗಲೂ ಸಿಗುತ್ತಾರೆ. ಆಣೆಯನ್ನು ಅಂಕಕ್ಕೆ ತಿರುಗಿಸಿ ಬರೆದುಕೊಳ್ಳಬೇಡಿ, ನಾಲ್ಕರ ಗೆರೆ ಹದಿನಾರರ ಅಳತೆಗೆ ಮಾಡಿದ್ದಲ್ಲ. ಎರಡೂ ಕೈಯ ಬೆರಳಲ್ಲಿ ತೋರಿಸಲು ಹೇಳಿ. ಮುಷ್ಟಿ ಕಟ್ಟಿದರೆ ಏನೂ ಸಂಕಟ ಇಲ್ಲ, ಹತ್ತೂ ಬೆರಳು ಬಿಚ್ಚಿದರೆ ತಡೆಯಲಾರದಷ್ಟು. ಮಾತು ಬಾರದಂತಾದ ಬಾಯಿ ಕ್ಯಾನ್ಸರ್ ರೋಗಿಗಳಿಗೂ ಇದು ಆಗುತ್ತದೆ. ಬೆರಳು ತೋರಿಸಿದ ಮೇಲೆ ತಕ್ಷಣ ಬರೆದುಕೊಳ್ಳದೆ "ಇಷ್ಟು ಯಾತಕ್ಕೆ?" ಎಂದು ಒಂದು ಸಲ ಕೇಳಿ. ಅರ್ಧ ಕೆಲಸ ಅಲ್ಲೇ ಆಗಿರುತ್ತದೆ.

ಇನ್ನು ಮನೆಯವರು. "ಅಪ್ಪನಿಗೆ ಕ್ಯಾನ್ಸರ್ ಅಂತ ಹೇಳಿಲ್ಲ ಸಿಸ್ಟರ್, ನೀವೂ ಹೇಳ್ಬೇಡಿ" ಎಂದು ಬಾಗಿಲಲ್ಲೇ ನಿಲ್ಲಿಸಿ ಹೇಳುತ್ತಾರೆ. ಹಾಗಿದ್ದಾಗ ಕೇಳುವುದನ್ನೇ ಬಿಟ್ಟುಬಿಡುವುದು ಸಾಮಾನ್ಯ, ಆದರೆ ಬಿಡಬೇಕಿಲ್ಲ. ಥರ್ಮಾಮೀಟರಿನ ಪ್ರಶ್ನೆಯಲ್ಲಾಗಲಿ ಪಿಎಚ್‌ಕ್ಯೂ-9ರಲ್ಲಾಗಲಿ ರೋಗದ ಹೆಸರು ಹೇಳುವ ಅಗತ್ಯವೇ ಇಲ್ಲ. ನಿಮ್ಮ ಕನ್ನಡದ ಹಾಳೆಯ ಮೇಲೆ ದೊಡ್ಡದಾಗಿ ಕ್ಯಾನ್ಸರ್ ವಿಭಾಗ ಎಂದು ಅಚ್ಚು ಹಾಕಿಸಬೇಡಿ, ಅಷ್ಟೆ. ಪಟ್ಟಿ ಮುಗಿದ ಮೇಲೆ "ನಿಮಗೆ ಏನಾಗಿದೆ ಅಂತ ಹೇಳಿದ್ದಾರೆ? ಇನ್ನೂ ತಿಳ್ಕೊಬೇಕು ಅನ್ನಿಸ್ತದಾ?" ಎಂದು ಕೇಳಿ ಉತ್ತರವನ್ನು ಹಾಗೇ ಬರೆದಿಡಿ. ಎಷ್ಟೋ ಜನರಿಗೆ ಗೊತ್ತಿರುತ್ತದೆ. ಮಕ್ಕಳಿಗೆ ಬೇಜಾರಾಗುತ್ತದೆ ಎಂದು ಅವರು ಸುಮ್ಮನಿರುತ್ತಾರೆ, ಅಪ್ಪನಿಗೆ ಬೇಜಾರಾಗುತ್ತದೆ ಎಂದು ಮಕ್ಕಳು ಸುಮ್ಮನಿರುತ್ತಾರೆ. ತಿಳಿಯಬೇಕು ಎಂದು ರೋಗಿ ಹೇಳಿದ್ದನ್ನು ಡಾಕ್ಟರಿಗೆ ಮುಟ್ಟಿಸುವುದು ಈ ಐದು ನಿಮಿಷದ ಅತ್ಯಂತ ದೊಡ್ಡ ಲಾಭ ಎಂದು ನಾನು ನಂಬಿದ್ದೇನೆ.

ಯಾವತ್ತು ಎನ್ನುವುದಕ್ಕೂ ಎರಡು ಪಕ್ಷವಿದೆ. ರಿಪೋರ್ಟು ತಿಳಿಸಿದ ದಿನವೇ ಕೇಳಿದರೆ ಆ ಹೊತ್ತಿನ ಆಘಾತವೇ ಅಂಕವಾಗಿ ಬರುತ್ತದೆ, ಎಲ್ಲರೂ ಎಂಟು ಒಂಬತ್ತು ತೋರಿಸುತ್ತಾರೆ, ಯಾರಿಗೆ ಹೆಚ್ಚು ನೆರವು ಬೇಕೆಂದು ಗೊತ್ತಾಗುವುದಿಲ್ಲ. ಒಂದು ವಾರ ಬಿಟ್ಟು ಚಿಕಿತ್ಸೆಯ ಯೋಜನೆ ಹೇಳುವ ದಿನ ಕೇಳಿದರೆ ಅಂಕಕ್ಕೆ ಹೆಚ್ಚು ಅರ್ಥವಿರುತ್ತದೆ. ಆದರೆ ಅಷ್ಟರಲ್ಲಿ ಕೆಲವರು ಬರುವುದನ್ನೇ ನಿಲ್ಲಿಸಿರುತ್ತಾರೆ: ಎರಡನೇ ಅಭಿಪ್ರಾಯಕ್ಕೆ ಬೆಂಗಳೂರಿಗೋ ಮಣಿಪಾಲಕ್ಕೋ ಹೋದವರು, ನಾಟಿ ಔಷಧಿ ಹಿಡಿದವರು, ಹಣವಿಲ್ಲವೆಂದು ಮನೆಯಲ್ಲೇ ಉಳಿದವರು. ಇವರೇ ಹೆಚ್ಚು ಸಂಕಟದಲ್ಲಿರುವವರೂ ಇರಬಹುದು. ಹೀಗಾಗಿ ಮೊದಲ ದಿನ ಅಂಕ ಬೇಡ, ಮೂರು ಕೆಲಸ ಸಾಕು: ಮನೆಗೆ ಹೇಗೆ ಹೋಗುತ್ತೀರಿ, ಜೊತೆಗೆ ಯಾರಿದ್ದಾರೆ ಎಂದು ಕೇಳುವುದು, "ಬದುಕೋದೇ ಬೇಡ ಅನ್ನಿಸ್ತಿದೆಯಾ" ಎಂದು ಮೆತ್ತಗೆ ಆದರೆ ನೇರವಾಗಿ ಕೇಳುವುದು, ಮುಂದಿನ ತಾರೀಕು ಬರೆದು ಫೋನ್ ನಂಬರ್ ತೆಗೆದುಕೊಳ್ಳುವುದು. ಥರ್ಮಾಮೀಟರ್ ಎರಡನೇ ಭೇಟಿಗೆ. ಎರಡನೇ ಭೇಟಿಗೆ ಬಾರದವರಿಗೆ ಎರಡು ದಿನದೊಳಗೆ ಫೋನ್. ಬದುಕೋದೇ ಬೇಡ ಅನ್ನಿಸುತ್ತಿದೆಯಾ ಎಂದು ನೇರವಾಗಿ ಕೇಳುವುದರಿಂದ ಸಾಯುವ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಎನ್ನುವ ಭಯ ಸಿಬ್ಬಂದಿಯಲ್ಲಿ ಇರುತ್ತದೆ. ಹಾಗೇನೂ ಆಗುವುದಿಲ್ಲ, ಕೇಳಿದ್ದಕ್ಕೆ ಹಗುರವಾಯಿತು ಎನ್ನುವವರೇ ಹೆಚ್ಚು.

ಒಬ್ಬರ ವಿಷಯ ಬಿಡಿಸಿ ನೋಡೋಣ

ವಿವರಿಸಲು ಒಬ್ಬ ರೋಗಿಯನ್ನು ಕಲ್ಪಿಸಿಕೊಳ್ಳುತ್ತೇನೆ. ಐವತ್ತೆರಡು ವರ್ಷ, ರಿಪ್ಪನ್‌ಪೇಟೆ ಕಡೆಯವರು, ಒಂದೂವರೆ ಎಕರೆ ಅಡಿಕೆ ತೋಟ. ಎಡ ಕೆನ್ನೆಯ ಒಳಗೆ ಹುಣ್ಣು, ಬಯಾಪ್ಸಿಯಲ್ಲಿ ಕ್ಯಾನ್ಸರ್. ಆಪರೇಷನ್ ಮಾಡಿ ನಂತರ ರೇಡಿಯೇಷನ್ ಎಂದು ಹೇಳಿದ್ದಾರೆ, ವಾರಕ್ಕೆ ಐದು ದಿನದಂತೆ ಆರು ವಾರ, ಮೂವತ್ತು ಸಲ. ತಿಂಗಳು ಕಾರ್ತಿಕ, ತೋಟದಲ್ಲಿ ಅಡಿಕೆ ಗೊನೆ ಕೊಯ್ಲಿನ ಹೊತ್ತು. ಮಗಳು ಎರಡನೇ ಪಿಯುಸಿ. ಜೊತೆಗೆ ಬಂದಿರುವುದು ತಮ್ಮ.

ಎರಡನೇ ಭೇಟಿಯಲ್ಲಿ ನರ್ಸ್ ಕೇಳಿದಾಗ ಏಳು ಬೆರಳು ತೋರಿಸುತ್ತಾರೆ. ಪಟ್ಟಿಯಲ್ಲಿ ನೋವು, ನಿದ್ದೆ, ಊಟ, ಹಣ, ಓಡಾಟ, ಸಿಟ್ಟು, ಮಗಳ ಓದಿನ ಚಿಂತೆಗೆ ಹೌದು. ಏಳು ಬಂದದ್ದರಿಂದ ಪಿಎಚ್‌ಕ್ಯೂ-9 ಕೇಳುತ್ತಾರೆ. ಆಸಕ್ತಿ ಇಲ್ಲದ್ದಕ್ಕೆ ಒಂದು, ಬೇಸರಕ್ಕೆ ಎರಡು, ನಿದ್ದೆಗೆ ಮೂರು, ಸುಸ್ತಿಗೆ ಎರಡು, ಹಸಿವಿಗೆ ಎರಡು, ತನ್ನ ಮೇಲೇ ಬೇಜಾರಿಗೆ ಒಂದು, ಗಮನ ನಿಲ್ಲದ್ದಕ್ಕೆ ಒಂದು, ನಿಧಾನವಾಗಿದ್ದಕ್ಕೆ ಸೊನ್ನೆ, ಕೊನೆಯ ಪ್ರಶ್ನೆಗೆ ಒಂದು. ಒಟ್ಟು ಹದಿಮೂರು.

ಈ ಹದಿಮೂರನ್ನು ನೋಡಿ ಮಧ್ಯಮ ಖಿನ್ನತೆ ಎಂದು ಬರೆದರೆ ಎರಡು ತಪ್ಪು ಒಟ್ಟಿಗೆ ಆಗುತ್ತವೆ. ಹದಿಮೂರರಲ್ಲಿ ಏಳು ಅಂಕ ನಿದ್ದೆ, ಸುಸ್ತು, ಹಸಿವಿನದು. ಹುಣ್ಣು ಮತ್ತು ನೋವು ಇರುವಾಗ ಅವನ್ನು ಖಿನ್ನತೆಯ ಖಾತೆಗೆ ಹಾಕಲಾಗದು. ಇನ್ನೊಂದು ಕಡೆ, ಕೊನೆಯ ಪ್ರಶ್ನೆಯ ಆ ಒಂದೇ ಒಂದು ಅಂಕ ಉಳಿದ ಹನ್ನೆರಡಕ್ಕಿಂತ ತುರ್ತಿನದು. ಒಟ್ಟು ಮೊತ್ತ ಎಷ್ಟೇ ಇರಲಿ, ಒಂಬತ್ತನೆಯ ಪ್ರಶ್ನೆಗೆ ಸೊನ್ನೆಯಲ್ಲದ ಯಾವ ಉತ್ತರ ಬಂದರೂ ಅದಕ್ಕೆ ಬೇರೆಯದೇ ದಾರಿ.

ನರ್ಸ್ ಪೆನ್ನು ಕೆಳಗಿಟ್ಟು ಕೇಳುತ್ತಾರೆ: "ಅಣ್ಣ, ಹಾಗೆ ಅನ್ನಿಸಿದಾಗ ಏನು ಯೋಚ್ನೆ ಬರ್ತದೆ?" ಅವರು ಹೇಳುತ್ತಾರೆ: "ತೋಟ ಮಾರಿ ನನಗೆ ಹಾಕೋದಕ್ಕಿಂತ, ಹೋದ್ರೆ ಮಗಳಿಗಾದ್ರೂ ಉಳೀತದೆ ಅನ್ನಿಸ್ತದೆ." ಮುಂದಿನ ಪ್ರಶ್ನೆಗಳನ್ನು ಬಿಡಬಾರದು. ಹೇಗೆ ಎಂದು ಯೋಚಿಸಿದ್ದೀರಾ, ಅದಕ್ಕೆ ತಯಾರಿ ಮಾಡಿಕೊಂಡಿದ್ದೀರಾ, ಹಿಂದೆ ಯಾವಾಗಲಾದರೂ ಪ್ರಯತ್ನ ಮಾಡಿದ್ದಿದೆಯಾ, ರಾತ್ರಿ ಮನೆಯಲ್ಲಿ ಯಾರಿರುತ್ತಾರೆ. ಅವರ ಉತ್ತರ: ಯೋಜನೆ ಇಲ್ಲ, ಹಿಂದೆ ಆಗಿಲ್ಲ, ಹೆಂಡತಿ ಮಗಳು ಇರುತ್ತಾರೆ. ತೋಟದ ಮನೆ ಎಂದ ಮೇಲೆ ಕಳೆನಾಶಕ, ಕ್ರಿಮಿನಾಶಕ ಇದ್ದೇ ಇರುತ್ತದೆ, ಅದನ್ನು ತಪ್ಪದೆ ಕೇಳಬೇಕು. ಅವರ ಒಪ್ಪಿಗೆ ಪಡೆದು ತಮ್ಮನನ್ನು ಒಳಗೆ ಕರೆದು, ಅದೆಲ್ಲವನ್ನೂ ಇವತ್ತೇ ತಮ್ಮನ ಮನೆಗೆ ಸಾಗಿಸಿ ಬೀಗ ಹಾಕಿಸುವ ಮಾತಾಗುತ್ತದೆ. ಅದೇ ದಿನ ಮನೋವೈದ್ಯರ ಹತ್ತಿರ ನರ್ಸೇ ಜೊತೆಗೆ ನಡೆದು ಹೋಗುತ್ತಾರೆ. ಯೋಜನೆಯೋ ತಯಾರಿಯೋ ಇದ್ದಿದ್ದರೆ ಒಂದು ಕ್ಷಣವೂ ಒಬ್ಬರನ್ನೇ ಬಿಡದೆ ದಾಖಲು ಮಾಡುವ ಮಾತಾಗುತ್ತಿತ್ತು.

ಪಟ್ಟಿಯಲ್ಲಿದ್ದ ಸಿಟ್ಟಿಗೆ ಕಾರಣ ಬೇರೆಯೇ ಇತ್ತು. ರಿಪೋರ್ಟು ಬಂದ ದಿನವೇ ಅವರು ಹೊಗೆಸೊಪ್ಪು ಬಿಟ್ಟಿದ್ದಾರೆ. ನಿಕೋಟಿನ್ ಬಿಟ್ಟ ಮೊದಲ ವಾರ ಸಿಡುಕು, ನಿದ್ದೆಗೇಡು, ತಳಮಳ ತಾರಕಕ್ಕೇರುತ್ತವೆ, ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತವೆ. ಹೊಸ ರೋಗಿಗಳಲ್ಲಿ ಇದನ್ನು ಕೇಳದೇ ಹೋದರೆ ಆತಂಕದ ಕಾಯಿಲೆ ಎಂದು ತಪ್ಪಾಗಿ ಬರೆದುಬಿಡುತ್ತೇವೆ. ಹೆಂಡ ಬಿಟ್ಟವರಲ್ಲಿ ಇದು ಇನ್ನೂ ಅಪಾಯದ ವಿಷಯ: ದಿನಾ ಕುಡಿಯುತ್ತಿದ್ದವರು ಒಮ್ಮೆಗೇ ನಿಲ್ಲಿಸಿ ಎರಡು ಮೂರು ದಿನಕ್ಕೆ ಕೈ ನಡುಗಿ, ಬೆವರಿ, ಇಲ್ಲದ್ದು ಕಾಣತೊಡಗಿದರೆ ಅದಕ್ಕೆ ಧೈರ್ಯದ ಮಾತು ಸಾಲದು, ಕೂಡಲೇ ಆಸ್ಪತ್ರೆಗೆ ಸೇರಿಸಬೇಕು. ನಿಮ್ಮ ಪಟ್ಟಿಯ ಕೆಳಗೆ ಕೈಬರಹದಲ್ಲಾದರೂ ಎರಡು ಸಾಲು ಸೇರಿಸಿಕೊಳ್ಳಿ: ಇತ್ತೀಚೆಗೆ ಏನು ಬಿಟ್ಟಿರಿ, ಯಾವತ್ತು ಬಿಟ್ಟಿರಿ. ನಾಟಿ ಔಷಧಿ ತೆಗೆದುಕೊಳ್ಳುತ್ತಿದ್ದೀರಾ ಎನ್ನುವುದನ್ನೂ ಅಲ್ಲೇ, ಗದರದೆ, ಕೇಳಿ.

ಉಳಿದದ್ದು ಮನೋವೈದ್ಯರ ಕೆಲಸವಲ್ಲ. ನೋವಿನ ಔಷಧಿಯನ್ನು ನೋವು ಬಂದಾಗ ಎಂದಲ್ಲದೆ ಗಂಟೆ ಲೆಕ್ಕದಲ್ಲಿ ಬರೆಸುವುದು. ಗಂಜಿ, ಹಾಲು, ಮೊಟ್ಟೆಯಂಥ ಮೆತ್ತಗಿನ ಊಟದ ಚೀಟಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ, ತೋಟ ಮಾರುವ ಮಾತು ಅಲ್ಲಿಗೆ ಹಿಂದೆ ಸರಿಯಬಹುದು. ಇದನ್ನು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ ಎಂದುಕೊಳ್ಳಿ, ಹಾಗಾಗುವುದು ಅಪರೂಪವೇನಲ್ಲ. ಮೂವತ್ತು ದಿನದ ರೇಡಿಯೇಷನ್‌ಗೆ ದಿನಾ ಬಸ್ಸಿನಲ್ಲಿ ಓಡಾಡುವುದೋ, ಶಿವಮೊಗ್ಗದಲ್ಲಿ ನೆಂಟರ ಮನೆಯಲ್ಲಿ ಉಳಿಯುವುದೋ ಎಂದು ತಮ್ಮನ ಜೊತೆ ಕೂತು ತೀರ್ಮಾನ. ಕೊಯ್ಲನ್ನು ಈ ವರ್ಷ ಚೇಣಿಗೆ ಕೊಡುವ ಮಾತನ್ನು ತಮ್ಮನೇ ಎತ್ತುತ್ತಾರೆ.

ಎರಡು ವಾರದ ನಂತರ, ಆಪರೇಷನ್‌ಗೆ ಮುಂಚೆ, ಮತ್ತೆ ಕೇಳಿದಾಗ ಬೆರಳು ನಾಲ್ಕು. ಪಿಎಚ್‌ಕ್ಯೂ-9 ಆರು, ಕೊನೆಯ ಪ್ರಶ್ನೆ ಸೊನ್ನೆ. ನಿದ್ದೆ ಮೂರರಿಂದ ಒಂದಕ್ಕೆ ಇಳಿದಿದೆ. ನೋವು ಇಳಿದಾಗ ನಿದ್ದೆಯ ಅಂಕ ಹೀಗೆ ಇಳಿದರೆ ಅದು ಖಿನ್ನತೆಯದಾಗಿರಲಿಲ್ಲ ಎನ್ನುವುದಕ್ಕೆ ಬಲ ಬರುತ್ತದೆ. ನೋವು ಇಳಿದೂ ಬೇಸರ, ನಿರಾಸಕ್ತಿಯ ಎರಡು ಪ್ರಶ್ನೆಗಳ ಅಂಕ ಹಾಗೇ ಉಳಿದಿದ್ದರೆ ಖಿನ್ನತೆಗೆ ಚಿಕಿತ್ಸೆ ಶುರು ಮಾಡುವ ಮಾತು ಬರುತ್ತಿತ್ತು.

ಗೆರೆ ದಾಟಿದವರನ್ನು ಎಲ್ಲಿಗೆ ಕಳಿಸುವುದು

ನಾಲ್ಕರಿಂದ ಮೇಲೆ ಬಂದರೂ ಪಿಎಚ್‌ಕ್ಯೂ-9 ಎಂಟರ ಕೆಳಗಿದ್ದವರಿಗೆ ನಿಮ್ಮ ಓಪಿಡಿಯೇ ಸಾಕು: ಪಟ್ಟಿಯಲ್ಲಿ ಹೌದು ಎಂದ ತೊಂದರೆಗಳಲ್ಲಿ ಅವರೇ ಆರಿಸಿದ ಎರಡಕ್ಕೆ ಅವತ್ತೇ ಏನಾದರೂ ಮಾಡಿ. ಎಂಟರಿಂದ ಹದಿನಾಲ್ಕು ಬಂದವರಿಗೆ ಕೌನ್ಸೆಲರ್ ಇದ್ದರೆ ಅವರು, ಇಲ್ಲದಿದ್ದರೆ ಎರಡು ವಾರದಲ್ಲಿ ಮತ್ತೆ ಅಳತೆ, ಇಳಿಯದಿದ್ದರೆ ಮನೋವೈದ್ಯರು. ಹದಿನೈದು ಅಥವಾ ಹೆಚ್ಚು ಬಂದವರಿಗೆ ನೇರ ಮನೋವೈದ್ಯರು.

ಶಿವಮೊಗ್ಗ ಪೇಟೆಯಲ್ಲಿ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಕಳಿಸುವುದು ಗಟ್ಟಿಯಾದ ದಾರಿ. ಆದರೆ ಆಗುಂಬೆ, ಸೊರಬ ಕಡೆಯಿಂದ ಬಂದವರಿಗೆ ಬೇರೆ ದಿನ ಬನ್ನಿ ಎಂದರೆ ಅವರು ಬರುವುದಿಲ್ಲ. ಕೀಮೋ ಅಥವಾ ಸ್ಕ್ಯಾನ್‌ನ ದಿನಕ್ಕೇ ಜೋಡಿಸಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ಮನೋಚೈತನ್ಯದ ದಿನ ಮನೆಗೆ ಹತ್ತಿರ, ಬಸ್ ಚಾರ್ಜ್ ಉಳಿಯುತ್ತದೆ. ಅಲ್ಲಿನ ಡಾಕ್ಟರಿಗೆ ರೋಗಿಯ ಕ್ಯಾನ್ಸರ್ ಮಾತ್ರೆಗಳ ಪಟ್ಟಿ ತಲುಪಬೇಕು. ಉದಾಹರಣೆಗೆ ಸ್ತನ ಕ್ಯಾನ್ಸರ್‌ಗೆ ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುವವರಿಗೆ ಫ್ಲೂಆಕ್ಸೆಟಿನ್, ಪ್ಯಾರಾಕ್ಸೆಟಿನ್ ಕೊಟ್ಟರೆ ಟ್ಯಾಮಾಕ್ಸಿಫೆನ್‌ನ ಕೆಲಸ ಕುಂದುವ ಸಾಧ್ಯತೆ ಇದೆ, ಬೇರೆ ಮಾತ್ರೆ ಆರಿಸಬೇಕಾಗುತ್ತದೆ.

ಇನ್ನೊಂದು ದಾರಿ ಫೋನಿನ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ಅಕ್ಟೋಬರ್ 2022ರಲ್ಲಿ ಶುರುವಾದದ್ದು. ಹಗಲು ರಾತ್ರಿ ಉಚಿತ, ಕನ್ನಡದಲ್ಲಿ ಮಾತಾಡುತ್ತಾರೆ. ನಂಬರ್ ಬರೆದು ಕೈಗೆ ಕೊಟ್ಟು ಕಳಿಸಿದರೆ ಹೆಚ್ಚಿನವರು ಮಾಡುವುದಿಲ್ಲ, ಗುಡ್ಡದ ಮನೆಯಲ್ಲಿ ಸಿಗ್ನಲ್ಲೂ ಇರುವುದಿಲ್ಲ. ಓಪಿಡಿಯಲ್ಲಿ ಕೂರಿಸಿಕೊಂಡು ಮೊದಲ ಕರೆಯನ್ನು ನೀವೇ ಮಾಡಿಕೊಡಿ. ಆಗ ಮನೆಯಿಂದ ಎರಡನೇ ಕರೆ ಮಾಡಲು ಅಂಜಿಕೆ ಇರುವುದಿಲ್ಲ. ಸಾಯುವ ಯೋಚನೆ ಹೇಳಿಕೊಂಡವರಿಗೆ ಇದು ಮನೆಗೆ ಹೋದ ಮೇಲಿನ ಆಸರೆ, ಅದೇ ದಿನ ಡಾಕ್ಟರನ್ನು ಮುಖತಃ ಕಾಣಿಸುವುದಕ್ಕೆ ಬದಲಿ ಅಲ್ಲ.

ಈ ವ್ಯವಸ್ಥೆ ಕೆಡುತ್ತಿದೆ ಎಂದು ಗೊತ್ತಾಗುವುದು ಹೇಗೆ

ಅಂಕ ಬರೆದಿಡುವ ರಿಜಿಸ್ಟರ್ ತೆರೆದು ನೋಡಿದರೆ ಸಾಕು. ಸೊನ್ನೆ ಮತ್ತು ಒಂದೇ ಹೆಚ್ಚಾಗಿದ್ದರೆ ಮನೆಯವರ ಎದುರಿಗೆ ಕೇಳುತ್ತಿದ್ದಾರೆ. ಎಲ್ಲರಿಗೂ ಎರಡು ಮೂರು, ಒಂದೇ ಶಾಯಿ, ಒಂದೇ ಕೈಬರಹ ಎಂದರೆ ಸಂಜೆ ಕೂತು ತುಂಬಿಸಿದ್ದು, ಅದಕ್ಕೆ ಬೈಯುವ ಮೊದಲು ಆ ನರ್ಸ್‌ಗೆ ಇದಕ್ಕೆಂದು ಸಮಯ ಕೊಟ್ಟಿದ್ದೀರಾ ಎಂದು ನೋಡಿಕೊಳ್ಳಿ. ಅಂಕ ಏಳು, ಎಂಟು ಇದ್ದು ಪಟ್ಟಿ ಖಾಲಿ ಇದ್ದರೆ ಬೆರಳು ತೋರಿಸಿದ ಮೇಲೆ ಯಾರೂ ಯಾತಕ್ಕೆ ಎಂದು ಕೇಳಿಲ್ಲ. ಕಡೆಯ ಕಾಲಮ್, ಏನು ಮಾಡಿದಿರಿ ಮತ್ತು ಯಾವ ತಾರೀಕು ಎನ್ನುವುದು, ಖಾಲಿ ಉಳಿಯತೊಡಗಿದರೆ ಮಾತ್ರ ಹೊಸಬರಿಗೆ ಕೇಳುವುದನ್ನು ಒಂದೆರಡು ವಾರ ನಿಲ್ಲಿಸಿ, ಮೊದಲು ಹಳೆಯವರನ್ನು ಫೋನ್ ಮಾಡಿ ಕರೆಸಿ. ಮೊದಲ ದಿನದ ಆ ನೇರ ಪ್ರಶ್ನೆಯನ್ನು ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಬೇಡಿ.

ಒಂದೇ ಸಲದ ಅಳತೆಗೆ ನಿಲ್ಲಿಸಲೂ ಬಾರದು. ರಿಪ್ಪನ್‌ಪೇಟೆಯವರಂಥ ರೋಗಿಗೆ ರೇಡಿಯೇಷನ್‌ನ ಮೂರನೇ ವಾರ ಬಾಯಿ ಹುಣ್ಣಾಗಿ ಊಟ ನಿಲ್ಲುವ ಹೊತ್ತು, ಅಲ್ಲೊಂದು ಅಳತೆ. ಚಿಕಿತ್ಸೆ ಮುಗಿದು ಮನೆಗೆ ಕಳಿಸುವ ದಿನ ಇನ್ನೊಂದು, ಯಾಕೆಂದರೆ ದಿನಾ ನೋಡುವವರು ಅವತ್ತಿನಿಂದ ಇರುವುದಿಲ್ಲ. ಮೊದಲ ಫಾಲೋಅಪ್ ಸ್ಕ್ಯಾನ್‌ನ ದಿನ ಮತ್ತೊಂದು. ಈ ಮೂರು ತಾರೀಕನ್ನು ಫೈಲಿನ ಮೊದಲ ಪುಟದಲ್ಲಿ, ಬ್ಲಡ್ ಗ್ರೂಪ್ ಬರೆದಿರುವ ಜಾಗದ ಪಕ್ಕದಲ್ಲೇ, ಮೊದಲ ಅಳತೆಯ ದಿನವೇ ಬರೆದಿಡಿ.